'ಎಷ್ಟರವರೆಗೆ ಪರವಾಗಿಲ್ಲ, ಡಾಕ್ಟ್ರೇ?': ಗರ್ಭಿಣಿ ಮತ್ತು ಮದ್ಯದ ಬಗ್ಗೆ ಒಂದು ಮಾತುಕತೆ

(ಗರ್ಭಿಣಿಯರಿಗೂ ಅವರ ಮನೆಯವರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬ ಹೆಣ್ಣುಮಗಳು ಕೇಳಿದ ಒಂದು ಪ್ರಶ್ನೆ ಹಿಡಿದುಕೊಂಡು ಮಾತಾಡುತ್ತೇನೆ. ಅವರ ಹೆಸರು ಬೇಡ, ಗುರುತು ಸಿಗದ ಹಾಗೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಮೊದಲ ಸಲ ಗರ್ಭಿಣಿ. ಕುರ್ಚಿಯ ತುದಿಯಲ್ಲಿ ಕೂತು, ಬ್ಯಾಗನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಬಿಪಿ ನೋಡಿದ್ದಾಯ್ತು, ಮಾತ್ರೆ ಬರೆದಿದ್ದಾಯ್ತು. ಎದ್ದು ಹೊರಡುವ ಹೊತ್ತಿಗೆ ಮತ್ತೆ ಕೂತರು. "ಡಾಕ್ಟ್ರೇ, ಒಂದು ವಿಷಯ ಹೇಳ್ಲಿಲ್ಲ. ಗೊತ್ತಾಗೋ ಮುಂಚೆ ಎರಡು ಸಲ ಕುಡಿದಿದ್ದೆ. ಎಷ್ಟರವರೆಗೆ ಪರವಾಗಿಲ್ಲ ಅಂತ ಒಂದು ಲೆಕ್ಕ ಇರುತ್ತಲ್ಲ, ಅದನ್ನ ಹೇಳಿ" ಅಂದರು.

ಅಂಥ ಲೆಕ್ಕ ಇಲ್ಲ. ಇದನ್ನು ಹೇಳಿದ ತಕ್ಷಣ ಕೆಲವರು 'ಹಾಗಾದ್ರೆ ಒಂದು ಗುಟುಕು ಕುಡಿದರೂ ಮಗು ಹಾಳಾಯ್ತು' ಅಂದುಕೊಳ್ಳುತ್ತಾರೆ. ಇನ್ನು ಕೆಲವರು 'ಡಾಕ್ಟರುಗಳಿಗೆ ಗೊತ್ತಿಲ್ಲ, ಸುಮ್ನೆ ಹೆದರಿಸ್ತಾರೆ' ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಆ ಲೆಕ್ಕ ಯಾಕೆ ಸಿಕ್ಕಿಲ್ಲ ಅನ್ನುವುದನ್ನು ಅವರಿಗೆ ಅರ್ಧ ಗಂಟೆ ಕೂತು ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಅವರ ತಾರೀಕುಗಳನ್ನು ಬರೆದುಕೊಂಡೆ. ಕೊನೆಯ ಮುಟ್ಟು ಶುರುವಾಗಿದ್ದು ಮಾರ್ಚ್ 1. ಮಾರ್ಚ್ 17ಕ್ಕೆ ಒಂದು ಊಟದ ಜೊತೆ ಎರಡು ಚಿಕ್ಕ ಗ್ಲಾಸ್ ವೈನ್. ಏಪ್ರಿಲ್ 4ಕ್ಕೆ ಗೆಳತಿಯ ಹುಟ್ಟುಹಬ್ಬ, ಅವತ್ತು ವಿಸ್ಕಿ, 30 ಎಂಎಲ್‌ನ ನಾಲ್ಕು ಪೆಗ್. ಮುಟ್ಟು ಮಾರ್ಚ್ 29ಕ್ಕೆ ಬರಬೇಕಿತ್ತು. ಒಂದು ವಾರ ಹಿಂದೆಮುಂದೆ ಆಗುವುದು ಅವರಿಗೆ ಮಾಮೂಲು, ಹಾಗಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಏಪ್ರಿಲ್ 12ಕ್ಕೆ ಟೆಸ್ಟ್ ಮಾಡಿದರು, ಎರಡು ಗೆರೆ ಬಂತು. ಅವತ್ತಿನಿಂದ ಒಂದು ಹನಿ ಮುಟ್ಟಿಲ್ಲ. ಸ್ಕ್ಯಾನ್‌ನಲ್ಲಿ ಮಗುವಿನ ಅಳತೆ ಈ ತಾರೀಕುಗಳಿಗೆ ಹೊಂದಿತು. ಅಂದರೆ ಗರ್ಭ ಕಟ್ಟಿದ್ದು ಮಾರ್ಚ್ 15ರ ಆಸುಪಾಸು.

ಈಗ ಈ ಎರಡು ದಿನಗಳನ್ನು ಒಂದೊಂದಾಗಿ ನೋಡೋಣ.

ಮಾರ್ಚ್ 17ಕ್ಕೆ ಗರ್ಭಕ್ಕೆ ಎರಡು ದಿನ. ಆಗ ಅದು ಕೆಲವೇ ಜೀವಕೋಶಗಳ ಒಂದು ಸಣ್ಣ ಉಂಡೆ. ಗರ್ಭಕೋಶಕ್ಕೆ ಇನ್ನೂ ಅಂಟಿಕೊಂಡಿರುವುದಿಲ್ಲ, ನಾಳದಲ್ಲಿ ಸಾಗುತ್ತಾ ಇರುತ್ತದೆ. ಅಂಟಿಕೊಳ್ಳಲು ಸುಮಾರು ಒಂದು ವಾರ ಬೇಕು. ಅಲ್ಲಿಯವರೆಗೆ ತಾಯಿಯ ರಕ್ತಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಸುತ್ತಲಿನ ದ್ರವದಲ್ಲಿ ಮದ್ಯ ಸೇರಿಕೊಳ್ಳಬಹುದು, ಹಾಗಾಗಿ ಅಪಾಯ ಸೊನ್ನೆ ಅಂತ ನಾನು ಹೇಳಲಾರೆ. ಆದರೆ ಮುಖ, ಮೆದುಳು, ಹೃದಯ ಯಾವುದೂ ಆಗ ಮೂಡಲು ಶುರುವಾಗಿರುವುದಿಲ್ಲ. ಆ ಎರಡು ಗ್ಲಾಸ್ ಬಗ್ಗೆ ಅವರು ನಿದ್ದೆಗೆಡುವುದು ಬೇಡ ಅಂದೆ.

ಏಪ್ರಿಲ್ 4 ಬೇರೆ ಮಾತು. ಅವತ್ತಿಗೆ ಗರ್ಭಕ್ಕೆ 20 ದಿನ. ಮೂರನೇ ವಾರ ಮುಗಿಯುತ್ತಾ ಬಂದಿದೆ. ಹೊಟ್ಟೆ ಕಾಣುವುದಿಲ್ಲ, ವಾಂತಿ ಕೂಡ ಶುರುವಾಗಿರುವುದಿಲ್ಲ. ಆದರೆ ಒಳಗೆ ಮೆದುಳು ಮತ್ತು ಬೆನ್ನುಹುರಿ ಆಗಬೇಕಾದ ಹಾಳೆಯಂಥ ಪದರ ಮಡಚಿ ಕೊಳವೆಯಾಗುವ ಕೆಲಸ ನಡೆಯುತ್ತಿರುತ್ತದೆ. ಆ ಕೊಳವೆ 28ನೇ ದಿನದ ಹೊತ್ತಿಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅದರ ಅಂಚಿನಿಂದ ಒಂದು ಬಗೆಯ ಜೀವಕೋಶಗಳು ಎದ್ದು ಮುಂದಕ್ಕೆ ಸಾಗುತ್ತವೆ. ಮುಖದ ಮೂಳೆ, ಮೂಗು, ತುಟಿ ಕಟ್ಟುವುದು ಇವುಗಳಿಂದಲೇ. ಮದ್ಯ ಸೋಕಿದರೆ ಬೇಗ ಸಾಯುವ ಜೀವಕೋಶಗಳಲ್ಲಿ ಇವೂ ಸೇರಿವೆ.

ಇದು ಹೇಗೆ ಗೊತ್ತಾಯ್ತು ಅಂತ ಹೇಳಬೇಕು. 1968ರಲ್ಲಿ ಫ್ರಾನ್ಸಿನ ನಾಂಟ್ ಊರಿನ ಪಾಲ್ ಲೆಮ್ವಾನ್ ಅನ್ನುವ ಮಕ್ಕಳ ಡಾಕ್ಟರು, ವಿಪರೀತ ಕುಡಿಯುವ ತಂದೆತಾಯಿಯರ 127 ಮಕ್ಕಳನ್ನು ನೋಡಿ, ಅವರ ಮುಖ ಒಬ್ಬರದು ಇನ್ನೊಬ್ಬರ ಹಾಗೇ ಇದೆ ಅಂತ ಬರೆದರು. ಆಗ ಹೆಚ್ಚು ಜನ ಅದನ್ನು ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅನ್ನುವ ಇಬ್ಬರು ಡಾಕ್ಟರುಗಳು ಅದನ್ನೇ ಮತ್ತೆ ಕಂಡುಹಿಡಿದು, ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಆ ಮಕ್ಕಳ ಮುಖದಲ್ಲಿ ಮೂರು ಗುರುತು. ಕಣ್ಣಿನ ಸೀಳು ಅಗಲದಲ್ಲಿ ಚಿಕ್ಕದು. ಮೇಲ್ತುಟಿ ತೆಳ್ಳಗೆ. ಮೂಗಿಗೂ ತುಟಿಗೂ ನಡುವೆ ನಮಗೆಲ್ಲ ಒಂದು ಸಣ್ಣ ಕಾಲುವೆ ಇದೆಯಲ್ಲ, ಈಗ ಬೆರಳಿಟ್ಟು ನೋಡಿಕೊಳ್ಳಿ, ಅದು ಆ ಮಕ್ಕಳಲ್ಲಿ ಅಳಿಸಿದ ಹಾಗೆ ನಯವಾಗಿರುತ್ತದೆ.

1981ರಲ್ಲಿ ಕ್ಯಾಥ್ಲೀನ್ ಸುಲಿಕ್ ಅನ್ನುವ ವಿಜ್ಞಾನಿ ಬಸುರಿ ಇಲಿಗಳಿಗೆ ಒಂದೇ ಒಂದು ದಿನ, ಬಸಿರಿನ ಏಳನೇ ದಿನ, ಮದ್ಯ ಕೊಟ್ಟರು. ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ, ಅಷ್ಟೇ. ಮರಿಗಳ ಮುಖದಲ್ಲಿ ಅದೇ ಗುರುತುಗಳು ಬಂದವು. ಮುಖದ ಹಿಂದೆಯೇ ಇರುವ ಮೆದುಳಿನ ಮುಂಭಾಗವೂ ಕೆಟ್ಟಿತ್ತು. ಇಲಿಯ ಏಳನೇ ದಿನ ಅಂದರೆ ಮನುಷ್ಯರಲ್ಲಿ ಮೂರನೇ ವಾರ. ಏಪ್ರಿಲ್ 4 ಬಿದ್ದಿದ್ದು ಅದೇ ವಾರದಲ್ಲಿ.

ಇದನ್ನು ಕೇಳಿ ಅವರ ಮುಖ ಬಿಳಿಚಿಕೊಂಡಿತು. ನಾನು ತಕ್ಷಣ ಮುಂದಿನ ಮಾತನ್ನೂ ಹೇಳಿದೆ, ನಿಮಗೂ ಹೇಳುತ್ತೇನೆ. ಆ ಇಲಿಗಳಿಗೆ ಕೊಟ್ಟಿದ್ದು ಭಾರಿ ಪ್ರಮಾಣ, ನಾಲ್ಕು ಪೆಗ್‌ಗಿಂತ ತುಂಬಾ ಜಾಸ್ತಿ. ಈ ಪ್ರಯೋಗದಿಂದ ತಿಳಿಯುವುದು ಆ ದಿನಗಳು ಎಷ್ಟು ಸೂಕ್ಷ್ಮ ಅನ್ನುವುದು. ಅವರ ಮಗುವಿಗೆ ಏನಾಗಿದೆ ಅನ್ನುವುದು ಇದರಿಂದ ತಿಳಿಯುವುದಿಲ್ಲ.

ಹಾಗಾದರೆ ನಾಲ್ಕು ಪೆಗ್ ಅಂದರೆ ಒಳಗೆ ಎಷ್ಟು? ಲೆಕ್ಕ ಹಾಕೋಣ, ಕಷ್ಟ ಏನಿಲ್ಲ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯ ಇರುತ್ತದೆ. 330 ಎಂಎಲ್‌ನ ಮಾಮೂಲಿ ಬಿಯರಿನಲ್ಲಿ ಸುಮಾರು 13 ಗ್ರಾಂ. ಬಿಯರ್ ಹಗುರ, ವಿಸ್ಕಿ ಭಾರ ಅನ್ನುವ ಮಾತು ಮಗುವಿನ ಮಟ್ಟಿಗೆ ಸುಳ್ಳು. ಅದಕ್ಕೆ ತಲುಪುವುದು ಗ್ರಾಂ ಮಾತ್ರ. ನಾಲ್ಕು ಪೆಗ್‌ಗೆ 40 ಗ್ರಾಂ ಆಯ್ತು. ಅವರ ತೂಕ 60 ಕೆಜಿ. ಮದ್ಯ ಹರಡುವುದು ದೇಹದ ನೀರಿನ ಭಾಗದಲ್ಲಿ, ಹೆಂಗಸರಲ್ಲಿ ಅದು ತೂಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅವರಿಗೆ ಸುಮಾರು 33 ಲೀಟರ್ ಅಂದುಕೊಳ್ಳಿ. 40ನ್ನು 33ಕ್ಕೆ ಹಂಚಿದರೆ ಲೀಟರಿಗೆ 1.2 ಗ್ರಾಂ. ಲಿವರ್ ಅದನ್ನು ಗಂಟೆಗೆ, ಲೀಟರಿಗೆ ಸುಮಾರು 0.15 ಗ್ರಾಂನಂತೆ ಇಳಿಸುತ್ತದೆ. ಪೂರ್ತಿ ಇಳಿಯಲು 8 ಗಂಟೆ. ರಾತ್ರಿ 9ಕ್ಕೆ ಕುಡಿದರೆ ಬೆಳಗಿನ ಜಾವ 5ರವರೆಗೆ ರಕ್ತದಲ್ಲಿ ಮದ್ಯ ಇರುತ್ತದೆ. ಊಟ ಮಾಡಿದ್ದರೆ, ನಿಧಾನವಾಗಿ ಕುಡಿದಿದ್ದರೆ ತುದಿ ಮಟ್ಟ ಸ್ವಲ್ಪ ಕಮ್ಮಿ ಇದ್ದೀತು. ಇದು ಅಂದಾಜು, ಆದರೆ ಸರಿಯಾದ ಅಂದಾಜು.

ಈ ಮದ್ಯವನ್ನು ಮಗುವಿನ ಹತ್ತಿರ ಹೋಗದಂತೆ ತಡೆಯುವವರು ಯಾರೂ ಇಲ್ಲ. ಮಾಸು ಒಳ್ಳೆಯ ಜರಡಿ, ಎಷ್ಟೋ ಸೋಂಕುಗಳನ್ನು ತಡೆಯುತ್ತದೆ ಅಂತ ನಾವು ನಂಬಿರುತ್ತೇವೆ, ಅದು ನಿಜವೂ ಹೌದು. ಆದರೆ ಮದ್ಯದ ಅಣು ತುಂಬಾ ಚಿಕ್ಕದು, ನೀರಿನಲ್ಲೂ ಕೊಬ್ಬಿನಲ್ಲೂ ಕರಗುತ್ತದೆ. ಜರಡಿಯಲ್ಲಿ ನೀರು ಹಾದ ಹಾಗೆ ಹಾದುಹೋಗುತ್ತದೆ. ಒಂದೆರಡು ಗಂಟೆಯಲ್ಲಿ ಮಗುವಿನ ರಕ್ತದ ಮಟ್ಟ ತಾಯಿಯ ಮಟ್ಟಕ್ಕೆ ಸಮವಾಗುತ್ತದೆ. ತಾಯಿಯ ಲಿವರ್ ಅದನ್ನು ಒಡೆಯುತ್ತದೆ. ಮಗುವಿನ ಲಿವರ್‌ಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ, ಬಂದರೂ ಅತ್ಯಲ್ಪ. ತಾಯಿಯ ರಕ್ತದಲ್ಲಿ ಇಳಿದಾಗ ಮಾತ್ರ ಅಲ್ಲಿಯೂ ಇಳಿಯಬೇಕು. ತಿಂಗಳು ತುಂಬುತ್ತಾ ಬಂದ ಹಾಗೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಮಗು ಉಚ್ಚೆ ಹೊಯ್ಯುತ್ತದೆ, ಅದರ ಜೊತೆ ಮದ್ಯವೂ ಗರ್ಭದ ನೀರಿಗೆ ಸೇರುತ್ತದೆ. ಅದೇ ನೀರನ್ನು ಮಗು ಮತ್ತೆ ನುಂಗುತ್ತದೆ. ತಾಯಿಗೆ ಅಮಲು ಇಳಿದ ಮೇಲೂ ಆ ನೀರಿನಲ್ಲಿ ಮದ್ಯ ಉಳಿದಿರುತ್ತದೆ.

ಹಾಗಾದರೆ ಮೊದಲ ಮೂರು ತಿಂಗಳು ದಾಟಿದರೆ ಸಾಕಾ? ಇದನ್ನು ಕೇಳುವವರು ಬಹಳ ಜನ, ಒಳ್ಳೆಯ ಪ್ರಶ್ನೆಯೇ. ಕೈಕಾಲು, ಮುಖ, ಹೃದಯದ ಆಕಾರ ಆ ಹೊತ್ತಿಗೆ ಮುಗಿದಿರುತ್ತದೆ. ಮೆದುಳಿನ ಕೆಲಸ ಮುಗಿದಿರುವುದಿಲ್ಲ. ಕೊನೆಯ ಮೂರು ತಿಂಗಳಲ್ಲಿ ಅದು ಭರದಿಂದ ಬೆಳೆಯುತ್ತದೆ, ನರಕೋಶಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಕಾಲ ಅದು. ಕೊಂಡಿ ಹಾಕಿಕೊಳ್ಳಬೇಕಾದರೆ ಅವು ಪರಸ್ಪರ ಸಂಕೇತ ಕಳಿಸುತ್ತಾ ಇರಬೇಕು. ಸಂಕೇತ ಬಾರದ ನರಕೋಶ 'ನಾನು ಯಾರಿಗೂ ಬೇಡ' ಅನ್ನುವ ಹಾಗೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಮದ್ಯ ಮಾಡುವುದೇ ಸಂಕೇತಗಳನ್ನು ಮಂಕು ಮಾಡುವ ಕೆಲಸ. ದೊಡ್ಡವರಿಗೆ ಅದು ಅಮಲು. ಬೆಳೆಯುತ್ತಿರುವ ಮೆದುಳಿಗೆ ಅದು ನರಕೋಶಗಳ ಸಾವು. ಹುಟ್ಟಿ ಏಳು ದಿನವಾದ ಇಲಿಮರಿಗಳಲ್ಲಿ ಸಂಶೋಧಕರ ಒಂದು ಬಳಗ 2000ದಲ್ಲಿ ಇದನ್ನು ತೋರಿಸಿತು. ಏಳು ದಿನದ ಇಲಿಮರಿಯ ಮೆದುಳು ಬೆಳವಣಿಗೆಯಲ್ಲಿ ನಮ್ಮ ಕೊನೆಯ ತಿಂಗಳುಗಳ ಮಗುವಿಗೆ ಸಮ.

ಆ ಪ್ರಯೋಗದಲ್ಲೂ ಕೊಟ್ಟಿದ್ದು ದೊಡ್ಡ ಪ್ರಮಾಣ, ಲೀಟರಿಗೆ 2 ಗ್ರಾಂಗಿಂತ ಮೇಲೆ. 'ಅಷ್ಟೆಲ್ಲ ಯಾರು ಕುಡೀತಾರೆ' ಅನ್ನಬಹುದಿತ್ತು. ಆದರೆ 2006ರಲ್ಲಿ ಅದೇ ಬಳಗದವರು ಪ್ರಮಾಣ ಇಳಿಸುತ್ತಾ ಹೋದರು. ಲೀಟರಿಗೆ 0.5 ಗ್ರಾಂ, ಅದೂ ಮುಕ್ಕಾಲು ಗಂಟೆಯೊಳಗೆ ಮಾತ್ರ. ಅಷ್ಟಕ್ಕೇ ಸಾಯುವ ನರಕೋಶಗಳ ಸಂಖ್ಯೆ ಏರಿತು. ನಮ್ಮ ಲೆಕ್ಕಕ್ಕೆ ಮರಳಿ ನೋಡಿ. 60 ಕೆಜಿಯ ಹೆಂಗಸು ಎರಡು ಪೆಗ್ ಬೇಗ ಕುಡಿದರೆ 20ನ್ನು 33ಕ್ಕೆ ಹಂಚಿ ಲೀಟರಿಗೆ 0.6 ಗ್ರಾಂ. ಇಲಿ ಮನುಷ್ಯ ಅಲ್ಲ, ನಿಜ. ಸತ್ತ ಆ ಕೋಶಗಳಿಂದ ಮುಂದೆ ಬುದ್ಧಿಗೆ ಎಷ್ಟು ಪೆಟ್ಟು ಅನ್ನುವುದು ಬೇರೆ ಪ್ರಶ್ನೆ. ಆದರೆ ನನ್ನನ್ನು ಕಾಡಿದ್ದು ಇದು: ಹುಡುಕುವ ಕಣ್ಣು ಚುರುಕಾದಷ್ಟೂ ಗಡಿ ಕೆಳಗೆ ಸರಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲಿ ಬಿಡಿ, ಮನುಷ್ಯರಲ್ಲೇ ಆ ಗಡಿಯನ್ನು ಯಾಕೆ ಹುಡುಕಬಾರದು?

ಸರಿಯಾಗಿ ಹುಡುಕಬೇಕಾದರೆ ಸಾವಿರಾರು ಗರ್ಭಿಣಿಯರನ್ನು ಚೀಟಿ ಎತ್ತಿ ಗುಂಪು ಮಾಡಬೇಕು. ಒಂದು ಗುಂಪಿಗೆ ವಾರಕ್ಕೊಂದು ಗ್ಲಾಸ್, ಇನ್ನೊಂದಕ್ಕೆ ಮೂರು, ಮತ್ತೊಂದಕ್ಕೆ ಇಲ್ಲವೇ ಇಲ್ಲ. ಆಮೇಲೆ ಹುಟ್ಟುವ ಮಕ್ಕಳನ್ನು ಹತ್ತು ವರ್ಷ ನೋಡಬೇಕು. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೂಬಾರದು. ಉಳಿಯುವ ದಾರಿ ಒಂದೇ. ಕುಡಿದವರನ್ನು ಕೇಳುವುದು, ಮಕ್ಕಳನ್ನು ನೋಡುವುದು.

ಕೇಳುವಲ್ಲೇ ಮೊದಲ ಎಡವಟ್ಟು. ನನ್ನ ಮುಂದೆ ಕೂತವರು ಎದ್ದು ಹೊರಡುವಾಗ ತಾನೇ ಬಾಯಿಬಿಟ್ಟಿದ್ದು? ಹೇಳದೆ ಹೋದವರು ಎಷ್ಟೋ. ಅಂಥವರು 'ಕುಡಿಯದ ತಾಯಂದಿರು' ಅನ್ನುವ ಪಟ್ಟಿಗೆ ಸೇರಿಬಿಡುತ್ತಾರೆ. ಆಗ ಎರಡು ಗುಂಪಿನ ನಡುವಿನ ವ್ಯತ್ಯಾಸ ಇದ್ದದ್ದಕ್ಕಿಂತ ಕಮ್ಮಿ ಕಾಣುತ್ತದೆ. ಪ್ರಾಮಾಣಿಕವಾಗಿ ಹೇಳಿದವರದ್ದೂ ಲೆಕ್ಕ ಸರಿ ಇರುವುದಿಲ್ಲ. ಮನೆಯಲ್ಲಿ ಬಗ್ಗಿಸಿಕೊಳ್ಳುವ 'ಒಂದು ಗ್ಲಾಸ್' ಅಳತೆ ಮಾಡಿದ್ದಲ್ಲವಲ್ಲ. ಇನ್ನೂ ಒಂದು ಇದೆ. ಹೆಚ್ಚಿನ ಅಧ್ಯಯನಗಳು ವಾರಕ್ಕೆ ಎಷ್ಟು ಅಂತ ಕೇಳುತ್ತವೆ. ಒಬ್ಬಾಕೆ ದಿನಕ್ಕೆ ಒಂದು ಪೆಗ್‌ನಂತೆ ಏಳು. ಇನ್ನೊಬ್ಬಾಕೆ ಆರು ದಿನ ಮುಟ್ಟದೆ ಶನಿವಾರ ರಾತ್ರಿ ಏಳು. ಕಾಗದದ ಮೇಲೆ ಇಬ್ಬರದ್ದೂ ವಾರಕ್ಕೆ 70 ಗ್ರಾಂ. ಮಗುವಿಗೆ? ಮೊದಲಾಕೆಯ ರಕ್ತದಲ್ಲಿ ಯಾವತ್ತೂ ಲೀಟರಿಗೆ 0.3 ಗ್ರಾಂ ದಾಟುವುದಿಲ್ಲ. ಎರಡನೆಯಾಕೆಗೆ ಅದು 2.1ರ ಹತ್ತಿರ ಹೋಗುತ್ತದೆ, ಇಳಿಯಲು 14 ಗಂಟೆ ಬೇಕು. ಇಬ್ಬರನ್ನೂ ಒಂದೇ ಖಾನೆಗೆ ಹಾಕಿದ ಅಧ್ಯಯನದಿಂದ ಸುರಕ್ಷಿತ ಅಂಕಿ ತೆಗೆಯಲು ಹೋದರೆ ಅದು ಯಾರಿಗೂ ಸೇರದ ಅಂಕಿ ಆಗುತ್ತದೆ.

ಎರಡನೆಯ ಎಡವಟ್ಟು ಇನ್ನೂ ಆಳದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ 'ಸ್ವಲ್ಪ ಕುಡಿದ ತಾಯಂದಿರ ಮಕ್ಕಳೇ ಚುರುಕು' ಅನ್ನುವ ಸುದ್ದಿ ಆಗಾಗ ಬರುತ್ತದೆ. ಅದು ಸುಳ್ಳು ಸುದ್ದಿ ಅಲ್ಲ. ಬ್ರಿಟನ್ನಿನ ದೊಡ್ಡ ಅಧ್ಯಯನಗಳಲ್ಲಿ ನಿಜವಾಗಿಯೂ ಹಾಗೆ ಕಂಡಿದೆ. ಆದರೆ ಅಲ್ಲಿ ಅಪರೂಪಕ್ಕೆ ಒಂದು ಗ್ಲಾಸ್ ವೈನ್ ಕುಡಿಯುವ ತಾಯಂದಿರು ಯಾರು? ಹೆಚ್ಚಿನಂಶ ಜಾಸ್ತಿ ಓದಿದವರು, ಒಳ್ಳೆಯ ಸಂಬಳ ಇರುವವರು, ಸಿಗರೇಟ್ ಕಮ್ಮಿ ಸೇದುವವರು. ಅವರ ಮಕ್ಕಳು ಚುರುಕಾಗಿರಲು ಬೇಕಾದಷ್ಟು ಕಾರಣ ಇವೆ. ಓದು, ಸಂಬಳ ಎಲ್ಲವನ್ನೂ ಲೆಕ್ಕದಿಂದ ಕಳೆಯಲು ಸಂಶೋಧಕರು ಪ್ರಯತ್ನಪಡುತ್ತಾರೆ. ಆದರೆ ಪೂರ್ತಿ ಕಳೆಯಲು ಆಗುವುದಿಲ್ಲ.

ಬ್ರಿಸ್ಟಲ್ ಊರಿನ ಸಂಶೋಧಕರು ಇದಕ್ಕೆ ಒಂದು ಜಾಣ ದಾರಿ ಹುಡುಕಿದರು. ಅಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಹೊಟ್ಟೆಯಲ್ಲಿದ್ದಾಗಿನಿಂದ ಗಮನಿಸುತ್ತಾ ಬಂದಿದ್ದಾರೆ. ಮದ್ಯವನ್ನು ಒಡೆಯುವ ವೇಗ ನಮ್ಮ ಜೀನ್‌ಗಳಲ್ಲಿ ಬರೆದಿರುತ್ತದೆ. ಕೆಲವರದ್ದು ಬೇಗ, ಕೆಲವರದ್ದು ನಿಧಾನ. ಯಾರಿಗೆ ಯಾವ ಜೀನ್ ಬರುತ್ತದೆ ಅನ್ನುವುದು ತಾಯಿಯ ಡಿಗ್ರಿ ನೋಡಿ, ಸಂಬಳ ನೋಡಿ ನಿರ್ಧಾರವಾಗುವುದಿಲ್ಲ. ಪ್ರಕೃತಿಯೇ ಚೀಟಿ ಎತ್ತಿದ ಹಾಗೆ. ಹಾಗಾಗಿ ಅವರು 4,000ಕ್ಕೂ ಹೆಚ್ಚು ಮಕ್ಕಳ ಜೀನ್ ನೋಡಿ, 8ನೇ ವಯಸ್ಸಿನ ಬುದ್ಧಿಮಟ್ಟದ ಅಂಕದ ಜೊತೆ ಹೋಲಿಸಿದರು. 2012ರಲ್ಲಿ ಫಲಿತಾಂಶ ಬಂತು. ಬ್ರಿಟನ್ನಿನಲ್ಲಿ 8 ಗ್ರಾಂ ಶುದ್ಧ ಮದ್ಯಕ್ಕೆ ಒಂದು ಯೂನಿಟ್ ಅನ್ನುತ್ತಾರೆ. ಮಿತವಾಗಿ, ಅಂದರೆ ವಾರಕ್ಕೆ ಕೆಲವೇ ಯೂನಿಟ್ ಕುಡಿದ ತಾಯಂದಿರ ಮಕ್ಕಳಲ್ಲಿ, ಮದ್ಯಕ್ಕೆ ಸಂಬಂಧಪಟ್ಟ ಆ ಜೀನ್ ರೂಪಗಳು ಜಾಸ್ತಿ ಇದ್ದಷ್ಟೂ ಅಂಕ ಕಮ್ಮಿ. ಕುಡಿಯದ ತಾಯಂದಿರ ಮಕ್ಕಳಲ್ಲಿ ಅವೇ ಜೀನ್‌ಗಳಿಂದ ಯಾವ ವ್ಯತ್ಯಾಸವೂ ಇಲ್ಲ.

ಇದರ ಅರ್ಥ ಏನು? ಜೀನ್‌ಗಳೇ ಬುದ್ಧಿ ಕಮ್ಮಿ ಮಾಡುವಂತಿದ್ದರೆ ಎರಡೂ ಗುಂಪಿನಲ್ಲಿ ಕಾಣಬೇಕಿತ್ತು. ಹೊಟ್ಟೆಯಲ್ಲಿ ಮದ್ಯ ಸಿಕ್ಕಿದ ಮಕ್ಕಳಲ್ಲಿ ಮಾತ್ರ ಕಂಡಿದೆ. ಅಂದರೆ ಆ 'ಮಿತ'ವೂ ಏನೋ ಒಂದನ್ನು ಮಾಡಿದೆ. ಒಬ್ಬೊಬ್ಬ ಮಗುವಿನಲ್ಲಿ ಆ ವ್ಯತ್ಯಾಸ ಚಿಕ್ಕದು, ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ 'ಸ್ವಲ್ಪ ಕುಡಿದರೆ ಒಳ್ಳೆಯದೇ' ಅನ್ನುವ ಮಾತಿಗೆ ಮಾತ್ರ ಅದು ತೆರೆ ಎಳೆಯಿತು ಅಂತ ನನ್ನ ಅಭಿಪ್ರಾಯ.

ಜೀನ್ ಮಾತು ಬಂತಲ್ಲ, ಮೂರನೆಯ ಕಾರಣವೂ ಅದರಲ್ಲೇ ಇದೆ. 1993ರಲ್ಲಿ ಪ್ರಕಟವಾದ ಒಂದು ಅವಳಿ ಮಕ್ಕಳ ಅಧ್ಯಯನ ನನಗೆ ತುಂಬಾ ಇಷ್ಟ. ಕುಡಿತದ ಚಟ ಇದ್ದ ತಾಯಂದಿರಿಗೆ ಹುಟ್ಟಿದ 16 ಜೋಡಿ. ಅದರಲ್ಲಿ 5 ಜೋಡಿ ಒಂದೇ ಅಂಡದ, ಜೀನ್ ಒಂದೇ ಇರುವ ಅವಳಿಗಳು. ಆ ಐದೂ ಜೋಡಿಯಲ್ಲಿ ಇಬ್ಬರಿಗೂ ಒಂದೇ ರೋಗನಿರ್ಣಯ. ಉಳಿದ 11 ಜೋಡಿ ಬೇರೆ ಬೇರೆ ಅಂಡದವು, ಅಣ್ಣತಮ್ಮಂದಿರಷ್ಟೇ ಹೋಲಿಕೆ. ಅವುಗಳಲ್ಲಿ 4 ಜೋಡಿಯಲ್ಲಿ ಒಂದು ಮಗುವಿನ ಸ್ಥಿತಿ ಒಂದು ಥರ, ಇನ್ನೊಂದರದು ಇನ್ನೊಂದು ಥರ. ತಾಯಿ ಒಬ್ಬಳೇ, ಗರ್ಭ ಒಂದೇ, ಕುಡಿದ ದಿನ, ಕುಡಿದ ಪ್ರಮಾಣ ಎಲ್ಲ ಒಂದೇ. ಆದರೂ ಒಂದು ಮಗುವಿಗೆ ಬಿದ್ದ ಪೆಟ್ಟು ಇನ್ನೊಂದಕ್ಕೆ ಬೀಳಲಿಲ್ಲ.

ಈಗ ಹೇಳಿ, 'ನನ್ನ ಅತ್ತಿಗೆ ಕುಡಿದರು, ಅವರ ಮಗ ಚೆನ್ನಾಗೇ ಇದ್ದಾನೆ' ಅನ್ನುವ ಮಾತಿನಿಂದ ನಮ್ಮ ಮಗುವಿಗೆ ಏನು ಭರವಸೆ ಸಿಕ್ಕಿತು? ಒಂದೇ ಹೊಟ್ಟೆಯೊಳಗಿನ ಇಬ್ಬರಿಗೆ ಒಂದೇ ಗಡಿ ಇಲ್ಲದಾಗ, ಲೋಕದ ಎಲ್ಲ ಮಕ್ಕಳಿಗೂ ಹೊಂದುವ ಒಂದು ಗಡಿ ಎಲ್ಲಿಂದ ತರುವುದು? ಯಾವ ಮಗು ಗಟ್ಟಿ, ಯಾವುದು ಸೂಕ್ಷ್ಮ ಅಂತ ಮುಂಚಿತವಾಗಿ ಹೇಳುವ ಪರೀಕ್ಷೆ ನಮ್ಮ ಹತ್ತಿರ ಇಲ್ಲ.

ಕಮ್ಮಿ ಕುಡಿತದ ಬಗ್ಗೆ ಇರುವ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2017ರಲ್ಲಿ ಬ್ರಿಸ್ಟಲ್‌ನವರೇ ಒಂದು ಪರಿಶೀಲನೆ ಮಾಡಿದರು. ವಾರಕ್ಕೆ 32 ಗ್ರಾಂವರೆಗೆ, ಅಂದರೆ ಮೂರು ಪೆಗ್ ಆಸುಪಾಸು. ನಂಬಬಹುದಾದ ಅಧ್ಯಯನಗಳೇ ಎಷ್ಟು ಕಮ್ಮಿ ಅನ್ನುವುದು ಅವರಿಗೆ ಕಂಡ ದೊಡ್ಡ ಸಂಗತಿ. ಸಿಕ್ಕಿದ್ದರಲ್ಲಿ, ಮಗು ತನ್ನ ವಾರಗಳಿಗೆ ತಕ್ಕಷ್ಟು ಬೆಳೆಯದೆ ಚಿಕ್ಕದಾಗಿ ಹುಟ್ಟುವ ಸಾಧ್ಯತೆ ಸುಮಾರು 8% ಜಾಸ್ತಿ ಕಂಡಿತು. ಉಳಿದ ವಿಷಯಗಳಲ್ಲಿ ಹೌದು ಅನ್ನಲೂ ಪುರಾವೆ ಸಾಲದು, ಇಲ್ಲ ಅನ್ನಲೂ ಸಾಲದು. 'ಅಪಾಯ ಕಂಡಿಲ್ಲ' ಮತ್ತು 'ಅಪಾಯ ಇಲ್ಲ' ಎರಡೂ ಒಂದೇ ಅಲ್ಲ, ಅಲ್ವಾ? ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ, ಕುಡಿಯಲೇಬೇಕು ಅನ್ನುವವರು ವಾರಕ್ಕೆ ಒಂದೆರಡು ಸಲ ಒಂದೆರಡು ಯೂನಿಟ್ ಮೀರಬಾರದು ಅಂತ ಹೇಳುತ್ತಿದ್ದರು. 2016ರಲ್ಲಿ ಅದನ್ನು ಕೈಬಿಟ್ಟು, ಕುಡಿಯದಿರುವುದೇ ಸರಿ ಅಂತ ಬದಲಿಸಿದರು. ಹೊಸದಾಗಿ ಭಯಂಕರವಾದದ್ದೇನೋ ಸಿಕ್ಕಿತು ಅಂತಲ್ಲ. ಒಂದೆರಡು ಯೂನಿಟ್ ಸುರಕ್ಷಿತ ಅನ್ನಲು ಆಧಾರ ಇಲ್ಲ ಅನ್ನುವುದನ್ನು ಒಪ್ಪಿಕೊಂಡರು. ಅದೇ ಸಲಹೆಯಲ್ಲಿ ಇನ್ನೊಂದು ಮಾತೂ ಇತ್ತು. ಗೊತ್ತಾಗುವ ಮುಂಚೆ ಸ್ವಲ್ಪ ಕುಡಿದಿದ್ದರೆ ಮಗುವಿಗೆ ತೊಂದರೆಯಾಗುವ ಸಾಧ್ಯತೆ ಕಮ್ಮಿ ಅಂತ. ಇದನ್ನೂ ಹೇಳಬೇಕು. ಹೇಳದಿದ್ದರೆ ಹೆದರಿಕೆಯಲ್ಲೇ ಗರ್ಭ ತೆಗೆಸಿಕೊಳ್ಳಲು ಹೊರಡುವವರಿದ್ದಾರೆ.

ಆ ಹೆಣ್ಣುಮಗಳೂ ಅದನ್ನೇ ಕೇಳಿದರು. "ಇಟ್ಕೋಬೇಕಾ, ಬೇಡ್ವಾ?" ಅಂತ. ತುಂಬಾ ಮೆಲ್ಲಗೆ ಕೇಳಿದರು.

ನಾನು ಹೇಳಿದ್ದು ಇಷ್ಟು. ಒಂದು ದಿನದ ನಾಲ್ಕು ಪೆಗ್ ಗರ್ಭ ತೆಗೆಸಲು ಕಾರಣ ಅಲ್ಲವೇ ಅಲ್ಲ. ಲೋಕದ ಮಟ್ಟಿಗೆ ಮಾಡಿದ ಒಂದು ಅಂದಾಜಿನ ಪ್ರಕಾರ, ಗರ್ಭಿಣಿಯಾಗಿದ್ದಾಗ ಕುಡಿದ ಸುಮಾರು 67 ತಾಯಂದಿರಲ್ಲಿ ಒಬ್ಬರ ಮಗುವಿಗೆ ಪೂರ್ಣ ರೂಪದ ಸಿಂಡ್ರೋಮ್ ಬರುತ್ತದೆ. ಆ ಲೆಕ್ಕದಲ್ಲಿ ತಿಂಗಳುಗಟ್ಟಲೆ ವಿಪರೀತ ಕುಡಿದವರೂ ಸೇರಿದ್ದಾರೆ. ನಿಮ್ಮ ಏಪ್ರಿಲ್ 4ರಿಂದ ಏನೂ ಆಗಿರದಿರುವ ಸಾಧ್ಯತೆಯೇ ಜಾಸ್ತಿ. ಆದರೆ 'ಏನೂ ಆಗಿಲ್ಲ' ಅಂತ ನಾನು ಸಹಿ ಹಾಕಿ ಕೊಡಲಾರೆ. ಅದನ್ನು ಹೇಳುವ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನ್‌ನಲ್ಲಿ ಕೈಕಾಲು, ಹೃದಯ, ಬೆನ್ನುಮೂಳೆ ನೋಡಬಹುದು, ನೆನಪಿನ ಶಕ್ತಿ ನೋಡಲಾಗುವುದಿಲ್ಲ. ಇನ್ನೂ ಹಲವು ತಿಂಗಳ ಮೆದುಳಿನ ಬೆಳವಣಿಗೆ ಬಾಕಿ ಇದೆ, ಅದು ನಿಮ್ಮ ಕೈಯಲ್ಲಿದೆ. ಅವರ ಗಂಡ ಹೊರಗೆ ಕೂತಿದ್ದರು. ಒಳಗೆ ಕರೆದು, ಹೆರಿಗೆಯವರೆಗೆ ಮನೆಗೆ ಬಾಟಲಿ ತರುವುದು ಬೇಡ ಅಂತ ಅವರಿಗೂ ಹೇಳಿದೆ. ಒಬ್ಬರು ಕುಡಿಯುತ್ತಾ ಇನ್ನೊಬ್ಬರು ನೋಡುತ್ತಾ ಕೂರುವುದು ಒಂಬತ್ತು ತಿಂಗಳು ನಡೆಯುವ ಮಾತಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಹೆಣ್ಣುಮಗಳಿಗೆ 'ಇವತ್ತೇ ಬಿಡಿ' ಅನ್ನುವುದು ಸರಿ. ದಿನಾ ಜಾಸ್ತಿ ಕುಡಿಯುವವರಿಗೆ, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರಿಗೆ ಅದೇ ಮಾತು ಅಪಾಯ. ತಟ್ಟನೆ ಬಿಟ್ಟರೆ ಒಂದೆರಡು ದಿನದಲ್ಲಿ ಬೆವರು, ನಡುಕ, ಗಲಿಬಿಲಿ, ಫಿಟ್ಸ್ ಬರಬಹುದು. ಅದು ತಾಯಿಗೂ ಮಗುವಿಗೂ ಕೆಟ್ಟದ್ದು. ಅಂಥವರು ಮನೆಯಲ್ಲೇ ಹಠ ಹಿಡಿದು ಬಿಡಲು ಹೋಗದೆ, ಆಸ್ಪತ್ರೆಗೆ ಬಂದು ಡಾಕ್ಟರ ಕಣ್ಣೆದುರು ಬಿಡಬೇಕು. ಬೈಸಿಕೊಳ್ಳಬೇಕಾಗುತ್ತದೆ ಅನ್ನುವ ನಾಚಿಕೆಗೆ ಬಾರದೆ ಉಳಿಯುವವರು ಇವರೇ. ನಿಮಗೆ ಅಂಥವರು ಗೊತ್ತಿದ್ದರೆ ಜೊತೆಗೆ ಕರೆದುಕೊಂಡು ಬನ್ನಿ.

ಕೊನೆಗೆ, ಅವರ ಫೈಲಿನಲ್ಲಿ ನಾನು ಬರೆದ ಒಂದು ಸಾಲಿನ ಬಗ್ಗೆ. 'ಗರ್ಭದ 20ನೇ ದಿನ ಮದ್ಯ, ಒಂದು ಸಲ, ಸುಮಾರು 40 ಗ್ರಾಂ. ಆಮೇಲೆ ಇಲ್ಲ.' ಅವರು ನೋಡಿ, "ಇದನ್ನ ಯಾಕೆ ಬರೀತೀರಾ, ಯಾರಾದ್ರೂ ಓದ್ತಾರೆ" ಅಂದರು. ಯಾರಾದರೂ ಓದಲಿ ಅಂತಲೇ ಬರೆಯುವುದು. ಮೆದುಳಿಗೆ ಮಾತ್ರ ಪೆಟ್ಟು ಬಿದ್ದ ಮಕ್ಕಳ ಮುಖ ಎಲ್ಲರ ಹಾಗೇ ಇರುತ್ತದೆ. ನಡೆಯುತ್ತಾರೆ, ಚಟಪಟ ಮಾತಾಡುತ್ತಾರೆ. ಶಾಲೆಗೆ ಸೇರಿದ ಮೇಲೆ ತೊಂದರೆ ಹೊರಬೀಳುತ್ತದೆ. ನಿನ್ನೆ ಬಂದ ಕೂಡುವ ಲೆಕ್ಕ ಇವತ್ತು ಬರುವುದಿಲ್ಲ. 'ಚೀಲ ಇಟ್ಟು, ಕೈ ತೊಳೆದು, ಊಟಕ್ಕೆ ಬಾ' ಅಂದರೆ ಚೀಲ ಇಟ್ಟು ಅಲ್ಲೇ ನಿಲ್ಲುತ್ತಾರೆ. ಶಿಕ್ಷೆ ಕೊಟ್ಟ ತಪ್ಪನ್ನೇ ಮರುದಿನ ಮತ್ತೆ ಮಾಡುತ್ತಾರೆ. ಮನೆಯವರೂ ಶಾಲೆಯವರೂ ಅದನ್ನು ಹಠ ಅಂದುಕೊಳ್ಳುತ್ತಾರೆ, ಸೋಮಾರಿತನ ಅಂದುಕೊಳ್ಳುತ್ತಾರೆ, ಏಟು ಬೀಳುತ್ತದೆ. 2018ರಲ್ಲಿ ಅಮೆರಿಕದ ನಾಲ್ಕು ಕಡೆ ಒಂದನೇ ಕ್ಲಾಸಿನ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಮದ್ಯದಿಂದ ತೊಂದರೆಯಾದ 222 ಮಕ್ಕಳು ಸಿಕ್ಕಿದರು. ಅವರಲ್ಲಿ ಅದಕ್ಕೆ ಮುಂಚೆ ರೋಗ ಗುರುತಿಸಲಾಗಿದ್ದದ್ದು ಇಬ್ಬರಿಗೆ ಮಾತ್ರ. ಉಳಿದವರ ತಾಯಂದಿರನ್ನು ಮುಂಚೆ ಯಾರಾದರೂ ಸಮಾಧಾನವಾಗಿ ಕೇಳಿದ್ದರೋ ಇಲ್ಲವೋ. ಇವರ ಮಗುವಿಗೆ ಏಳು ವರ್ಷವಾದಾಗ ಒಂದು ವೇಳೆ ಲೆಕ್ಕ ಬಾರದೆ ಹೋದರೆ, ಅವತ್ತಿನ ಡಾಕ್ಟರು ಈ ಫೈಲ್ ತೆಗೆದು ನೋಡುತ್ತಾರೆ. ಬೈಯುವ ಬದಲು ಒಂದು ಸಲಕ್ಕೆ ಒಂದೇ ಮಾತು ಹೇಳಿ ಅಂತ ಮನೆಯವರಿಗೆ ಕಲಿಸುತ್ತಾರೆ.

ಅವರು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದರು. ಆಮೇಲೆ, "ಮಾರ್ಚ್ 17ನ್ನೂ ಬರ್ಕೊಳ್ಳಿ ಡಾಕ್ಟ್ರೇ" ಅಂದರು. ಬರೆದುಕೊಂಡೆ.